ಡೋರೆ ಚಿನ್ನದ ಅಳತೆ ಮತ್ತು ಸಣ್ಣ ಗಣಿಗಾರರ ಪಾಲು: ಘಾನಾದ ಖರೀದಿ ಪದ್ಧತಿಯ ಒಂದು ಪರಿಶೀಲನೆ

ಗಣಿಯ ಬಳಿಯಲ್ಲೇ ಕರಗಿಸಿ ಎರಕ ಹೊಯ್ದ, ಬೆಳ್ಳಿ ತಾಮ್ರಗಳು ಇನ್ನೂ ಬೆರೆತಿರುವ ಚಿನ್ನದ ಗಟ್ಟಿಗೆ ಡೋರೆ ಎಂದು ಹೆಸರು. ಘಾನಾದ ಸಣ್ಣ ಗಣಿಗಾರರು ಅದಿರನ್ನು ಅರೆದು, ಪಾದರಸದಲ್ಲಿ ಹಿಡಿದು, ಪಾದರಸವನ್ನು ಸುಟ್ಟ ಮೇಲೆ ಉಳಿದ ಚಿನ್ನವನ್ನು ಖರೀದಿದಾರನ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಅವರಿಗೆ ಸಿಗುವುದು ಅಂತರರಾಷ್ಟ್ರೀಯ ಬೆಲೆಯ ಒಂದು ಪಾಲು ಮಾತ್ರ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಶುದ್ಧೀಕರಣದ ವೆಚ್ಚ. ಈ ಕಾರಣ ಸಾಲದು ಎಂಬುದು ನನ್ನ ವಾದ. ದೊಡ್ಡ ಸಂಸ್ಕರಣಾಗಾರಗಳು ಕರಗಿದ ಲೋಹದೊಳಗೆ ಕ್ಲೋರಿನ್ ಹಾಯಿಸಿ ಬೆಳ್ಳಿ ಮತ್ತಿತರ ಲೋಹಗಳನ್ನು ಬೇರ್ಪಡಿಸುತ್ತವೆ. ಮಿಲ್ಲರ್ 1867ರಲ್ಲಿ ರೂಪಿಸಿದ ಈ ವಿಧಾನದಿಂದ ಲಂಡನ್ ಮಾರುಕಟ್ಟೆ ಬಯಸುವ ಶೇ. 99.5ರ ಶುದ್ಧತೆ ದೊರೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ಬಂದ ಡೋರೆಗೆ ಇದರ ಶುಲ್ಕ ಸಾಮಾನ್ಯವಾಗಿ ಚಿನ್ನದ ಬೆಲೆಯ ಶೇ. 1ನ್ನೂ ಮುಟ್ಟುವುದಿಲ್ಲ. ಗಣಿಗಾರ ಹೆಚ್ಚು ಕಳೆದುಕೊಳ್ಳುವುದು ಅದಕ್ಕೂ ಬಹಳ ಮೊದಲು, ಅಂಗಡಿಯ ತಕ್ಕಡಿಯ ಮುಂದೆ.

ಅಲ್ಲಿ ಬಳಕೆಯಲ್ಲಿರುವುದು ಸಾಂದ್ರತೆಯ ಪರೀಕ್ಷೆ. ಗಟ್ಟಿಯನ್ನು ಮೊದಲು ಗಾಳಿಯಲ್ಲಿ, ಆಮೇಲೆ ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗುತ್ತಾರೆ. ಎರಡು ತೂಕಗಳ ವ್ಯತ್ಯಾಸದಿಂದ ಗಾತ್ರವೂ ಅದರಿಂದ ಸಾಂದ್ರತೆಯೂ ತಿಳಿಯುತ್ತವೆ. ಎಷ್ಟು ಸಾಂದ್ರತೆಗೆ ಎಷ್ಟು ಕ್ಯಾರೆಟ್ ಎಂಬುದನ್ನು ಕೋಷ್ಟಕ ಹೇಳುತ್ತದೆ. ಶೇ. 90 ಚಿನ್ನ, ಶೇ. 10 ಬೆಳ್ಳಿ ಇರುವ 48 ಗ್ರಾಂ ಗಟ್ಟಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಚಿನ್ನದ ಸಾಂದ್ರತೆ 19.32, ಬೆಳ್ಳಿಯದು 10.49. ಹಾಗಾಗಿ ಗಟ್ಟಿಯ ಗಾತ್ರ ಸುಮಾರು 2.69 ಘನ ಸೆಂಟಿಮೀಟರ್. ನೀರಿನಲ್ಲಿ ಅದು 45.31 ಗ್ರಾಂ ತೂಗಬೇಕು. ಎರಕದೊಳಗೆ ಸಣ್ಣ ಗಾಳಿಗುಳ್ಳೆಯೊಂದು ಸಿಕ್ಕಿಕೊಂಡು ಈ ತೂಕ 45.21 ಎಂದು ಬಂದರೆ ಗಾತ್ರ 2.79 ಆಗುತ್ತದೆ, ಶುದ್ಧತೆ ಶೇ. 85ರ ಆಸುಪಾಸಿಗೆ ಇಳಿಯುತ್ತದೆ. ಗಟ್ಟಿಯಲ್ಲಿ ನಿಜವಾಗಿ ಇರುವುದು 43.2 ಗ್ರಾಂ ಚಿನ್ನ. ಹಣ ಸಿಗುವುದು 40.9 ಗ್ರಾಂಗೆ. ಒಂದು ಗ್ರಾಂನ ಹತ್ತನೇ ಒಂದು ಭಾಗದ ತಪ್ಪಿನಿಂದ 2.3 ಗ್ರಾಂ ಚಿನ್ನ ಹೋಯಿತು. ಇಷ್ಟೇ ಲೋಹಕ್ಕೆ ಶೇ. 1ರಂತೆ ಶುಲ್ಕ ಹಿಡಿದರೂ ಅದು 0.43 ಗ್ರಾಂ ಮೀರುವುದಿಲ್ಲ.

ತಪ್ಪು ಎರಡೂ ಕಡೆಗೆ ಆಗಬಹುದಲ್ಲವೇ, ದೀರ್ಘಕಾಲದಲ್ಲಿ ಸರಿಹೋಗಬಹುದಲ್ಲವೇ ಎಂಬ ಆಕ್ಷೇಪಕ್ಕೆ ಲೋಹದ ಗುಣವೇ ಉತ್ತರ ಕೊಡುತ್ತದೆ. ಒಳಗಿನ ಗುಳ್ಳೆ ಸಾಂದ್ರತೆಯನ್ನು ಇಳಿಸಬಲ್ಲದೇ ಹೊರತು ಏರಿಸಲಾರದು. ಕೋಷ್ಟಕವು ಬೆಳ್ಳಿಯ ಬೆರಕೆಯನ್ನು ಆಧರಿಸಿದ್ದು, ಗಟ್ಟಿಯಲ್ಲಿರುವುದು ಅದಕ್ಕಿಂತ ಹಗುರವಾದ ತಾಮ್ರವಾದರೆ ಆಗಲೂ ಚಿನ್ನ ಕಡಿಮೆಯೆಂದೇ ತೋರುತ್ತದೆ. ಖರೀದಿದಾರನಿಗೆ ನಷ್ಟ ತರುವಂಥದ್ದೂ ಒಂದಿದೆ: ಸುಟ್ಟ ಚಿನ್ನದಲ್ಲಿ ಉಳಿದ ಪಾದರಸ. ಅದರ ಸಾಂದ್ರತೆ 13.5, ಬೆಳ್ಳಿಗಿಂತ ಹೆಚ್ಚು. ಆದರೆ ಆತ ತೂಗುವ ಮೊದಲು ಚಿನ್ನವನ್ನು ಮತ್ತೆ ಕರಗಿಸಿ ಆ ನಷ್ಟವನ್ನು ತಪ್ಪಿಸಿಕೊಳ್ಳುತ್ತಾನೆ. ಆ ವಿಷದ ಹೊಗೆ ಅಂಗಡಿಯಲ್ಲಿ ನಿಂತವರೆಲ್ಲರ ಎದೆಗೆ ಹೋಗುತ್ತದೆ. ಗುಳ್ಳೆಯನ್ನು ಹುಡುಕುವ ಗರಜು ಮಾತ್ರ ಆತನಿಗಿಲ್ಲ. ಗಟ್ಟಿಯನ್ನು ತಗಡಾಗಿ ಬಡಿದು ಮತ್ತೊಮ್ಮೆ ತೂಗಿದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ಆದರೆ ಹಾಗೆ ಬಡಿಯಿರಿ ಎಂದು ಕೇಳುವ ಸ್ಥಿತಿಯಲ್ಲಿ ಗಣಿಗಾರ ಇರುವುದು ಅಪರೂಪ. ಡೀಸೆಲ್ಲಿಗೂ ಪಂಪಿಗೂ ಮುಂಗಡ ಕೊಟ್ಟವನೇ ಖರೀದಿದಾರನಾಗಿರುವ ಕಡೆ, ಚಿನ್ನವನ್ನು ಬೇರೊಬ್ಬನಿಗೆ ಮಾರುವ ಸ್ವಾತಂತ್ರ್ಯವೇ ಇರುವುದಿಲ್ಲ.

ಮಧ್ಯವರ್ತಿಯ ಲಾಭವೇ ತೆಳುವಾದದ್ದು ಎಂಬ ಇನ್ನೊಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಣ್ಣ ಗಣಿಗಳ ಸಂಸ್ಕರಿಸದ ಚಿನ್ನದ ಮೇಲೆ ಘಾನಾ ಶೇ. 3ರ ತೆರಿಗೆ ವಿಧಿಸಿದಾಗ ಅಧಿಕೃತ ರಫ್ತು ಕುಸಿಯಿತು, ಕಳ್ಳಸಾಗಣೆ ಹೆಚ್ಚಿತು. 2022ರಲ್ಲಿ ಅದನ್ನು ಅರ್ಧಕ್ಕಿಳಿಸಿ, 2025ರಲ್ಲಿ ರದ್ದುಪಡಿಸಬೇಕಾಯಿತು. ರಫ್ತಿನ ಹಂತದಲ್ಲಿ ಶೇ. 3 ದೊಡ್ಡ ಮೊತ್ತವೇ ಎಂದು ಇದರಿಂದ ಒಪ್ಪಬೇಕು. ಆದರೆ ಈ ಒಪ್ಪಿಗೆ ನನ್ನ ವಾದವನ್ನೇ ಗಟ್ಟಿಗೊಳಿಸುತ್ತದೆ: ಅಷ್ಟು ಸಣ್ಣ ಅಂತರಕ್ಕೆ ಇಡೀ ವ್ಯಾಪಾರ ದಿಕ್ಕು ಬದಲಿಸುವುದಾದರೆ, ಅಳತೆಯೊಂದರಲ್ಲೇ ಶೇ. 5ರಷ್ಟು ಕಳೆದುಕೊಳ್ಳುವ ಗಣಿಗಾರನ ನಷ್ಟ ಎಷ್ಟು ದೊಡ್ಡದು!

ಹಾಗಾದರೆ ಗಣಿಗಾರರೇ ಶುದ್ಧೀಕರಿಸಿಕೊಳ್ಳಲಿ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ ತೆಗೆಯುವುದು ಹಳ್ಳಿಯಲ್ಲೂ ಆಗದ ಕೆಲಸವೇನಲ್ಲ. ಆದರೆ ಮಾನ್ಯತೆಯಿರುವ ಮುದ್ರೆಯಿಲ್ಲದ ಚೊಕ್ಕ ಚಿನ್ನವನ್ನೂ ಕೊಳ್ಳುವವನು ಪುನಃ ಪರೀಕ್ಷಿಸುತ್ತಾನೆ, ಮತ್ತೆ ಅದೇ ತಕ್ಕಡಿಗೆ ಬರಬೇಕು. ಸೀಸದೊಡನೆ ಕಾಯಿಸಿ ಬೆರಕೆಯನ್ನು ನೀಗಿಸುವ ಪುಟದ ಪರೀಕ್ಷೆ ನಿಖರವಾದದ್ದು, ಆದರೆ 48 ಗ್ರಾಂ ಗಟ್ಟಿಗೆ ಅದು ದುಬಾರಿ. ಹಲವರ ಚಿನ್ನವನ್ನು ಒಟ್ಟಿಗೆ ಕರಗಿಸಿ ಪರೀಕ್ಷಿಸಿದರೆ ತಲಾ ವೆಚ್ಚ ಇಳಿಯುತ್ತದೆ. ಆಗ ಯಾರ ಗಟ್ಟಿಯಲ್ಲಿ ಎಷ್ಟು ಚಿನ್ನವಿತ್ತೆಂಬ ಜಗಳ ಹುಟ್ಟುತ್ತದೆ. ಒಂದೇ ಗುಂಡಿಯ ಅದಿರಿನಲ್ಲಿ ಪಾಲುದಾರರಾದವರ ನಡುವೆ ಈ ತೊಡಕು ಅಷ್ಟಾಗಿ ಏಳದು. ಸಾಮೂಹಿಕ ಪರೀಕ್ಷೆಯನ್ನು ಅವರಿಂದಲೇ ಆರಂಭಿಸುವುದು, ಕರಗಿದ ಲೋಹದಿಂದ ತೆಗೆದ ಮಾದರಿಯ ಅರ್ಧವನ್ನು ಅವರ ಕೈಯಲ್ಲೇ ಬಿಡುವುದು ಸಾಧ್ಯವಿರುವ ಕ್ರಮ.