ಗೋಡೆಯಿಂದ ಮುಸ್‌ಹಫಿನವರೆಗೆ: ಇಬ್ನುಲ್ ಬವ್ವಾಬ್ ಮತ್ತು ಕೈಬರಹದ ಕೂಲಿ

ಅರಬಿ ಲಿಪಿಯ ಇತಿಹಾಸದಲ್ಲಿ ಅಬುಲ್ ಹಸನ್ ಅಲಿ ಇಬ್ನ್ ಹಿಲಾಲ್ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಆದರೆ ಲೋಕ ಅವರನ್ನು ಕರೆದದ್ದು ಇಬ್ನುಲ್ ಬವ್ವಾಬ್ ಎಂದು. ಬವ್ವಾಬ್ ಎಂದರೆ ಬಾಗಿಲು ಕಾಯುವವನು. ತಂದೆಯ ಕೆಲಸವೇ ಮಗನಿಗೆ ಹೆಸರಾಯಿತು. ಹಿಜರಿ ನಾಲ್ಕನೇ ಶತಮಾನದ ಬಗ್ದಾದಿನಲ್ಲಿ ಬೆಳೆದ ಈ ಹುಡುಗ ಮೊದಲು ಹಿಡಿದದ್ದು ಖಲಮನ್ನಲ್ಲ, ಬಣ್ಣದ ಕುಂಚವನ್ನು. ಮನೆಗಳ ಗೋಡೆಗಳ ಮೇಲೆ ಚಿತ್ತಾರ ಬರೆದು ಹೊಟ್ಟೆ ಹೊರೆಯುತ್ತಿದ್ದರು. ಅಲ್ಲಿಂದ ಗ್ರಂಥಗಳ ಅಂಚಿಗೆ ಚಿನ್ನದ ಅಲಂಕಾರ ಮಾಡುವ ಕೆಲಸಕ್ಕೆ ಬಂದರು, ಆಮೇಲೆ ಅಕ್ಷರಕ್ಕೆ ಬಂದರು. ನಮ್ಮ ಊರುಗಳಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಮಸೀದಿಯ ಮಿಹ್ರಾಬು ಬರೆಯುವ ಪೇಂಟರ್ ಹುಡುಗರನ್ನು ಕಂಡಾಗಲೆಲ್ಲ ನಮಗೆ ಈ ಮನುಷ್ಯರ ನೆನಪಾಗುತ್ತದೆ.

ಅಕ್ಷರಕ್ಕೆ ಬಂದಾಗ ಅವರ ಮುಂದೆ ಒಂದು ಸಿದ್ಧ ಲೆಕ್ಕವಿತ್ತು. ಅದನ್ನು ಹಾಕಿಕೊಟ್ಟವರೆಂದು ಪ್ರಸಿದ್ಧರಾದವರು ಅಬ್ಬಾಸಿ ಖಲೀಫರ ವಜೀರರಾಗಿದ್ದ ಇಬ್ನ್ ಮುಕ್ಲಾ. ರಾಜಕೀಯದ ಸುಳಿಯಲ್ಲಿ ಸಿಕ್ಕು ಬಲಗೈಯನ್ನೇ ಕಳೆದುಕೊಂಡು 940ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡವರು ಅವರು. ಅವರ ಲೆಕ್ಕ ಮಾತ್ರ ಉಳಿಯಿತು. ಅದು ಬಹಳ ಸರಳ. ಓರೆಯಾಗಿ ಕತ್ತರಿಸಿದ ಜೊಂಡಿನ ಖಲಮನ್ನು ಕಾಗದದ ಮೇಲೆ ಒಮ್ಮೆ ಒತ್ತಿ ಸ್ವಲ್ಪ ಎಳೆದರೆ ಓರೆಯಾಗಿ ನಿಂತ ಚೌಕದಂಥ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆಯೇ ಅಳತೆಗೋಲು. ಅಲಿಫ್ ಇಷ್ಟು ಚುಕ್ಕೆ ಎತ್ತರ, ಬಾ ಇಷ್ಟು ಚುಕ್ಕೆ ಉದ್ದ. ಅಲಿಫನ್ನೇ ವ್ಯಾಸವಾಗಿಟ್ಟು ಒಂದು ವೃತ್ತ ಎಳೆದರೆ ನೂನಿನ ಹೊಟ್ಟೆ, ಐನಿನ ಬಾಗು ಎಲ್ಲವೂ ಅದರ ಒಳಗೇ ಸಿಗುತ್ತವೆ. ಖಲಮು ದಪ್ಪವಾದರೆ ಚುಕ್ಕೆಯೂ ದೊಡ್ಡದು, ಅಕ್ಷರವೂ ದೊಡ್ಡದು. ಆದ್ದರಿಂದ ಅಂಗೈಯಗಲದ ಕಾಗದಕ್ಕೂ ಮಸೀದಿಯ ಗೋಡೆಗೂ ಒಂದೇ ನಿಯಮ ಸಾಕು.

ಗೋಡೆಯ ಕೆಲಸದಲ್ಲಿ ಇದರ ಉಪಯೋಗವನ್ನು ನೋಡೋಣ. ಸುಲುಸ್ ಶೈಲಿಯಲ್ಲಿ ಅಲಿಫಿನ ಎತ್ತರ ಸಾಮಾನ್ಯವಾಗಿ ಏಳು ಚುಕ್ಕೆ. ಎರಡು ಸೆಂಟಿಮೀಟರ್ ಅಗಲದ ಚಪ್ಪಟೆ ಕುಂಚದಿಂದ ಮೂಡುವ ಚುಕ್ಕೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಏಳನ್ನು ಒಂದರ ಮೇಲೊಂದು ಇಟ್ಟರೆ ಸುಮಾರು ಇಪ್ಪತ್ತು ಸೆಂಟಿಮೀಟರ್. ಹಾಗಾದರೆ ಹದಿನೈದು ಸೆಂಟಿಮೀಟರಿನ ಪಟ್ಟಿಯಲ್ಲಿ ಆ ಕುಂಚ ನಡೆಯುವುದಿಲ್ಲ. ಹಟ ಹಿಡಿದು ಬರೆದರೆ ಅಲಿಫ್, ಲಾಮ್ ಮೊಟಕಾಗಿ ಅಕ್ಷರಗಳು ಕುಳ್ಳಗೆ, ಊದಿಕೊಂಡಂತೆ ಕಾಣುತ್ತವೆ. ಬಹಳ ಕಡೆ ಮಿಹ್ರಾಬಿನ ಮೇಲಿನ ಬರಹ ಯಾಕೋ ಸರಿಯಿಲ್ಲ ಎಂದು ನಮಗೆ ಅನಿಸುವುದು ಇದೇ ಕಾರಣಕ್ಕೆ. ಕೈ ನಡುಗಿದ್ದಲ್ಲ, ಕುಂಚದ ಆಯ್ಕೆಯೇ ತಪ್ಪಿದ್ದು. ಪರೀಕ್ಷೆಯೂ ಸುಲಭ: ಅದೇ ಕುಂಚದ ಚುಕ್ಕೆಗಳನ್ನು ಪಕ್ಕದಲ್ಲಿಟ್ಟು ಎಣಿಸಿದರೆ ಯಾವ ಅಕ್ಷರ ಮೋಸ ಮಾಡಿದೆ ಎಂದು ತಿಳಿಯುತ್ತದೆ. ಅನುಭವಿಗಳು ನೇರವಾಗಿ ಗೋಡೆಗೆ ಕೈ ಹಾಕುವುದೂ ಇಲ್ಲ. ಮೊದಲು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗೆ ಅಂಟಿಸಿ, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೇಲೆ ತಟ್ಟುತ್ತಾರೆ. ಕಾಗದ ತೆಗೆದಾಗ ಉಳಿಯುವ ಕರಿಚುಕ್ಕೆಗಳ ಸಾಲಿನ ಒಳಗೆ ಬಣ್ಣ ತುಂಬಿದರಾಯಿತು. ಅರಬಿ ಓದಲು ಬಾರದ ಪೇಂಟರಿಗೂ ಇದು ರಕ್ಷಣೆ. ಇಲ್ಲದಿದ್ದರೆ ಕೆಳಗಿನ ಒಂದು ಚುಕ್ಕೆ ಮೇಲೆ ಹೋಗಿ ಬಾ ಇದ್ದದ್ದು ನೂನ್ ಆಗಿಬಿಡುತ್ತದೆ.

ಇನ್ನು ಇಬ್ನುಲ್ ಬವ್ವಾಬರ ಕಥೆಗೆ ಮರಳೋಣ. ಅವರು ಶೀರಾಜಿನಲ್ಲಿ ಬುವೈಹಿ ದೊರೆ ಬಹಾಉದ್ದೌಲಾನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಕಾಲದ ಒಂದು ಪ್ರಸಂಗವನ್ನು ಯಾಕೂತ್ ಅಲ್-ಹಮವೀ ತಮ್ಮ ಸಾಹಿತಿಗಳ ಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಪುಸ್ತಕಗಳ ನಡುವೆ ಕಪ್ಪು ರಟ್ಟಿನ ಒಂದು ಜುಝ್ಅ್ ಕಣ್ಣಿಗೆ ಬಿತ್ತು. ಬಿಡಿಸಿ ನೋಡಿದರೆ ಇಬ್ನ್ ಮುಕ್ಲಾರ ಕೈಬರಹ! ಹುಡುಕುತ್ತಾ ಹೋದಂತೆ ಚದರಿ ಬಿದ್ದಿದ್ದ ಇಪ್ಪತ್ತೊಂಬತ್ತು ಜುಝ್ಅ್‌ಗಳು ಸಿಕ್ಕವು. ಒಂದು ಮಾತ್ರ ಸಿಗಲೇ ಇಲ್ಲ. ದೊರೆಗೆ ಹೇಳಿದಾಗ, ಅದನ್ನು ನೀನೇ ಬರೆದು ಪೂರ್ತಿ ಮಾಡು ಎಂದ. ಇಬ್ನುಲ್ ಬವ್ವಾಬ್ ಒಪ್ಪಿದರು, ಆದರೆ ಮೊದಲೇ ಕರಾರು ಮಾಡಿಕೊಂಡರು: ಯಾವುದು ಹೊಸತೆಂದು ಗುರುತಿಸಲಾಗದಿದ್ದರೆ ಒಂದು ಗೌರವದ ನಿಲುವಂಗಿ ಮತ್ತು ನೂರು ದೀನಾರ್ ಕೊಡಬೇಕು. ದೊರೆ ಹೂಂ ಎಂದ.

ಆಮೇಲೆ ಅವರು ಮಾಡಿದ್ದನ್ನು ನೋಡಿ. ಗ್ರಂಥಾಲಯದಲ್ಲಿ ಹಳೆಯ ಕಾಗದಗಳನ್ನು ಕೆದಕಿ ಮೂಲದ ಕಾಗದಕ್ಕೆ ಹೋಲುವುದನ್ನು ಆರಿಸಿದರು. ಜುಝ್ಅ್ ಬರೆದರು, ಚಿನ್ನದ ಅಲಂಕಾರವನ್ನೂ ತಾವೇ ಮಾಡಿದರು. ಹೊಸ ಚಿನ್ನ ಥಳಥಳಿಸಿದರೆ ಗುಟ್ಟು ಬಯಲಾಗುತ್ತದಲ್ಲವೇ? ಅದಕ್ಕೂ ಹಳತಿನ ಕಳೆ ತಂದರು. ಕೊನೆಗೆ ಹಳೆಯ ಜುಝ್ಅ್ ಒಂದರ ರಟ್ಟು ಬಿಚ್ಚಿ ಹೊಸದಕ್ಕೆ ಹಾಕಿ, ಆ ಹಳೆಯದಕ್ಕೆ ಹೊಸ ರಟ್ಟು ಕಟ್ಟಿ ಅದನ್ನೂ ಹಳೆಯದರಂತೆ ಮಾಡಿದರು. ರಟ್ಟು ನೋಡಿ ಅನುಮಾನಪಡುವವನು ತಪ್ಪು ಪುಸ್ತಕವನ್ನೇ ಹಿಡಿಯಬೇಕು, ಹಾಗೆ. ಗೋಡೆಯ ಬಣ್ಣ, ಚಿನ್ನದ ಕೆಲಸ, ಖಲಮು ಮೂರನ್ನೂ ಬಲ್ಲವನಿಗಲ್ಲದೆ ಇದು ಸಾಧ್ಯವಿರಲಿಲ್ಲ. ಬರೀ ಅಂದದ ಅಕ್ಷರವಿದ್ದವನು ಕಾಗದದಲ್ಲೋ ರಟ್ಟಿನಲ್ಲೋ ಸಿಕ್ಕಿಬೀಳುತ್ತಿದ್ದ.

ದೊರೆ ಈ ವಿಷಯವನ್ನೇ ಮರೆತುಬಿಟ್ಟಿದ್ದ. ಸುಮಾರು ಒಂದು ವರ್ಷದ ಮೇಲೆ ಇಬ್ನ್ ಮುಕ್ಲಾರ ಮಾತು ಬಂದಾಗ ನೆನಪಾಗಿ, ತರಿಸಿ, ಒಂದೊಂದನ್ನೂ ತಿರುವಿ ನೋಡಿದ. ಗುರುತಿಸಲಾಗಲಿಲ್ಲ. ನಿನ್ನದು ಯಾವುದು ಎಂದು ಕೇಳಿದ. ಹೇಳಿದರೆ ಅದರ ಬೆಲೆ ನಿಮ್ಮ ಕಣ್ಣಿನಲ್ಲಿ ಇಳಿದುಬಿಡುತ್ತದೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದರು ಇಬ್ನುಲ್ ಬವ್ವಾಬ್. ಇದು ಕಪಟವಲ್ಲವೇ ಎಂದು ಕೆಲವರು ಕೇಳಬಹುದು. ಬರೆಸಿದವನಿಗೆ ಸತ್ಯ ಗೊತ್ತಿತ್ತು, ಮಾರಾಟ ನಡೆಯಲಿಲ್ಲ, ಆದ್ದರಿಂದ ನಾವು ಹಾಗೆನ್ನುವುದಿಲ್ಲ. ಆದರೆ ಆ ಮುಸ್‌ಹಫ್ ಮುಂದೆ ಯಾರ ಕೈಗಾದರೂ ಪೂರ್ತಿ ಇಬ್ನ್ ಮುಕ್ಲಾರದ್ದೆಂದೇ ದಾಟಿದ್ದರೆ ಮಾತು ಬೇರೆ.

ಕಪಟ ಬೇರೆ ಕಡೆ ಇತ್ತು. ದೊರೆ ಮುಸ್‌ಹಫನ್ನು ತನ್ನ ತಲೆದಿಂಬಿನ ಹತ್ತಿರವೇ ಇಟ್ಟುಕೊಂಡ, ಆದರೆ ನಿಲುವಂಗಿಯೂ ಬರಲಿಲ್ಲ, ದೀನಾರೂ ಬರಲಿಲ್ಲ. ಕೇಳಿದಾಗಲೆಲ್ಲ ಇವತ್ತು, ನಾಳೆ. ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿವರ್ಯರ(ಸ) ಆದೇಶವನ್ನು ಆ ದರ್ಬಾರಿನಲ್ಲಿ ಯಾರೂ ಕೇಳಿರಲಿಲ್ಲವೆಂದೇನಲ್ಲ. ಕೊನೆಗೆ ಆಸೆ ಬಿಟ್ಟ ಇಬ್ನುಲ್ ಬವ್ವಾಬ್, ಅದರ ಬದಲು ಗ್ರಂಥಾಲಯದಲ್ಲಿರುವ ಬರೆಯದ ಚೀನಾ ಕಾಗದವನ್ನಾದರೂ ಕೊಡಿ ಎಂದರು. ತಗೋ ಎಂದ ದೊರೆ. ಅವನ ಪಾಲಿಗೆ ಅದು ರದ್ದಿ. ಇವರು ಇದ್ದಷ್ಟನ್ನೂ ಹೊತ್ತು ತಂದು ವರ್ಷಗಟ್ಟಲೆ ಅದರ ಮೇಲೆ ಬರೆದರು. ಒಳ್ಳೆಯ ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಅದು ಬರಹಗಾರನಿಗೆ ಬಂಡವಾಳವೇ ಸರಿ.

ಅವರೇ ಬಗ್ದಾದಿನಲ್ಲಿ ಹಿಜರಿ 391ರಲ್ಲಿ ಬರೆದ ಒಂದು ಮುಸ್‌ಹಫ್ ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎತ್ತರ ಸುಮಾರು ಹದಿನೆಂಟು ಸೆಂಟಿಮೀಟರ್, ಅಂದರೆ ನಾವು ಕೈಯಲ್ಲಿ ಹಿಡಿದು ಓದುವ ಮುಸ್‌ಹಫಿನಷ್ಟೇ. ಆಡಂಬರವಿಲ್ಲದ ಸಣ್ಣ ಅಕ್ಷರ. ಸಾವಿರ ವರ್ಷದ ಹಿಂದಿನದಾದರೂ ಇಂದಿನ ಮದ್ರಸಾ ವಿದ್ಯಾರ್ಥಿ ಅದನ್ನು ಹೆಚ್ಚು ತೊಡಕಿಲ್ಲದೆ ಓದಬಲ್ಲ.

ಹಿಜರಿ 413ರಲ್ಲಿ ಅವರು ಬಗ್ದಾದಿನಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರ ಬರಹಕ್ಕೆ ಅಂಥ ಬೆಲೆಯೇನೂ ಇರಲಿಲ್ಲವಂತೆ. ಒಮ್ಮೆ ಒಬ್ಬ ದೊಡ್ಡ ಮನುಷ್ಯರಿಗೆ ಎರಡು ದೀನಾರಿಗೂ ಹೆಚ್ಚು ಬಾಳದ ಒಂದು ಸಣ್ಣ ಉಪಕಾರ ಕೇಳಿ ಅವರು ಸುಮಾರು ಎಪ್ಪತ್ತು ಸಾಲಿನ ಕಾಗದ ಬರೆದಿದ್ದರು. ಅವರ ಮರಣಾನಂತರ ಆ ಕಾಗದವೇ ಹದಿನೇಳು ದೀನಾರಿಗೆ ಮಾರಾಟವಾಯಿತು, ಮತ್ತೊಮ್ಮೆ ಇಪ್ಪತ್ತೈದಕ್ಕೆ ಹೋಯಿತು ಎಂದು ಯಾಕೂತ್ ಬರೆಯುತ್ತಾರೆ.