ಎರಡು ತುದಿಗಳಲ್ಲಿ ಚಿಹ್ನೆ ಬದಲಾದರೆ ನಡುವೆ ಉತ್ತರ ಇದ್ದೇ ಇರುತ್ತದೆಯೇ?

ಹೇಳಿಕೆ: ಸಮೀಕರಣಕ್ಕೆ ಒಂದು ಅಂತರಾಳದಲ್ಲಿ ಮೂಲ ಇದೆ ಎಂದು ತೋರಿಸಬೇಕೇ? ಎರಡು ತುದಿಗಳ ಬೆಲೆ ಹಾಕಿ ನೋಡಿ. ಒಂದು ಪ್ಲಸ್, ಇನ್ನೊಂದು ಮೈನಸ್ ಬಂದರೆ ಸಾಕು, ಮೂಲ ಇದೆ.

ವಾಸ್ತವ: ಅರ್ಧ ಸತ್ಯ. ಈ ಶಾರ್ಟ್‌ಕಟ್‌ನಲ್ಲಿ ಒಂದು ಮುಖ್ಯ ಷರತ್ತು ಬಿಟ್ಟುಹೋಗಿದೆ. ಅದಿಲ್ಲದೆ ಉತ್ತರ ಪೂರ್ತಿ ತಪ್ಪಾಗಬಹುದು.

ಪರೀಕ್ಷೆಯ ಹೊತ್ತಿನಲ್ಲಿ ಕೈಯಿಂದ ಕೈಗೆ ಹೋಗುವ ಈ ಸೂತ್ರವನ್ನು ನಾವು ಮೊಬೈಲ್ ಕ್ಯಾಲ್ಕ್ಯುಲೇಟರ್‌ನಲ್ಲೇ ಪರೀಕ್ಷಿಸೋಣ. ಮೊದಲು ಅದನ್ನು ರೇಡಿಯನ್ ಮೋಡ್‌ಗೆ (`RAD`) ಹಾಕಿಕೊಳ್ಳಿ. ಡಿಗ್ರಿಯಲ್ಲಿದ್ದರೆ ಮುಂದಿನ ಹೆಚ್ಚಿನ ಸಂಖ್ಯೆಗಳು ಹೊಂದುವುದಿಲ್ಲ.

ಸೂತ್ರ ಕೆಲಸ ಮಾಡುವ ಕಡೆ

`cos x = x` ಎಂಬ ಸಮೀಕರಣಕ್ಕೆ 0 ಮತ್ತು 1ರ ನಡುವೆ ಮೂಲ ಇದೆಯೇ? ಮೂಲ ಎಂದರೆ ಸಮೀಕರಣದ ಎರಡೂ ಬದಿಯನ್ನು ಸಮ ಮಾಡುವ `x` ಬೆಲೆ. ಮೊದಲು ಎಲ್ಲವನ್ನೂ ಒಂದೇ ಬದಿಗೆ ತರೋಣ: `f(x) = cos x − x`. ಈಗ `f(x)` ಸೊನ್ನೆಯಾಗುವ ಜಾಗ ಇದೆಯೇ ಎಂಬುದಷ್ಟೇ ಪ್ರಶ್ನೆ.

`f(0) = 1`, ಅಂದರೆ ಪ್ಲಸ್. `f(1)` ಸುಮಾರು −0.46, ಅಂದರೆ ಮೈನಸ್. ಇದರ ಜೊತೆಗೆ, `cos x` ಆಗಲಿ `x` ಆಗಲಿ ಎಲ್ಲಿಯೂ ತುಂಡಾಗುವುದಿಲ್ಲ. ಹಾಗಾಗಿ ಅವುಗಳ ವ್ಯತ್ಯಾಸದ ರೇಖೆಯೂ ತುಂಡಾಗದೆ ಸಾಗುತ್ತದೆ. ಗಣಿತದಲ್ಲಿ ಇದಕ್ಕೆ ಅವಿಚ್ಛಿನ್ನ ಎನ್ನುತ್ತಾರೆ. ಸೊನ್ನೆಯ ಮೇಲಿಂದ ಕೆಳಕ್ಕೆ ತುಂಡಾಗದೆ ಇಳಿಯುವ ರೇಖೆ ಸೊನ್ನೆಯನ್ನು ದಾಟಲೇಬೇಕು. ಇದೇ ಮಧ್ಯಂತರ ಮೌಲ್ಯ ಪ್ರಮೇಯ. ಚಿತ್ರ ನೋಡಿದರೆ ಸಹಜವೆನಿಸುವ ಈ ಮಾತನ್ನು ಚಿತ್ರದ ನೆರವಿಲ್ಲದೆ ಸಾಧಿಸಲು ಹೊರಟು ಬರ್ನಾರ್ಡ್ ಬೊಲ್ಜಾನೊ 1817ರಲ್ಲಿ ಪ್ರಾಗ್ ನಗರದಲ್ಲಿ ತನ್ನ ಸಾಧನೆಯನ್ನು ಪ್ರಕಟಿಸಿದ.

ಸೂತ್ರ ಕೈಕೊಡುವ ಕಡೆ

ಈಗ `tan x = 0` ತೆಗೆದುಕೊಳ್ಳಿ, ಅಂತರಾಳ 1ರಿಂದ 2. `tan 1` ಸುಮಾರು 1.56, `tan 2` ಸುಮಾರು −2.19. ಚಿಹ್ನೆ ಬದಲಾಯಿತು. ಶಾರ್ಟ್‌ಕಟ್ ಪ್ರಕಾರ ನಡುವೆ ಮೂಲ ಇರಬೇಕು. ಆದರೆ ಇಲ್ಲ. `tan x` ಸೊನ್ನೆಯಾಗುವುದು 0, 3.14…, 6.28… ಇಂಥ ಕಡೆ ಮಾತ್ರ. 1 ಮತ್ತು 2ರ ನಡುವೆ ಅಂಥ ಒಂದು ಜಾಗವೂ ಇಲ್ಲ.

ಏನಾಯಿತು? ಕ್ಯಾಲ್ಕ್ಯುಲೇಟರ್‌ನಲ್ಲಿ 1.57 ಹಾಕಿದರೆ ಉತ್ತರ ಸಾವಿರ ದಾಟುತ್ತದೆ, 1.58 ಹಾಕಿದರೆ −100ಕ್ಕಿಂತಲೂ ಕೆಳಗಿರುತ್ತದೆ. ಇವೆರಡರ ಮಧ್ಯೆ, `π/2` ಎಂಬಲ್ಲಿ, `tan x`ಗೆ ಬೆಲೆಯೇ ಇಲ್ಲ. ರೇಖೆ ಅಲ್ಲಿ ತುಂಡಾಗಿದೆ. ಪ್ಲಸ್‌ನಿಂದ ಮೈನಸ್‌ಗೆ ಅದು ಸೊನ್ನೆಯ ಮೂಲಕ ಹೋಗಿಲ್ಲ, ಜಿಗಿದಿದೆ. ಮೂಲದ ಹತ್ತಿರ ಬಂದಾಗ ಬೆಲೆಗಳು ಸೊನ್ನೆಯ ಕಡೆಗೆ ಕುಗ್ಗಬೇಕು. ಹೀಗೆ ಉಬ್ಬುತ್ತಾ ಹೋದರೆ ಅಲ್ಲಿ ರೇಖೆ ತುಂಡಾಗಿದೆಯೇ ಎಂದು ಅನುಮಾನಿಸಿ.

ಹಾಗಾಗಿ ಉತ್ತರ ಬರೆಯುವಾಗ ಮೂರು ಸಾಲು ಬೇಕು:

1. `[0, 1]` ಅಂತರಾಳದಲ್ಲಿ `f` ಅವಿಚ್ಛಿನ್ನ, ಮತ್ತು ಅದಕ್ಕೆ ಕಾರಣ.
2. `f(0) > 0`, `f(1) < 0`.
3. ಆದ್ದರಿಂದ, ಪ್ರಮೇಯದಂತೆ, 0 ಮತ್ತು 1ರ ನಡುವೆ `f(c) = 0` ಆಗುವ ಕನಿಷ್ಠ ಒಂದು `c` ಇದೆ.

ಬಿಟ್ಟುಹೋಗುವುದು ಹೆಚ್ಚಾಗಿ ಮೊದಲನೇ ಸಾಲು. ಬಹುಪದೋಕ್ತಿ, `sin x`, `cos x` ಎಲ್ಲೆಡೆ ಅವಿಚ್ಛಿನ್ನ. ಭಿನ್ನರಾಶಿ ಇದ್ದರೆ ಛೇದ ಎಲ್ಲಿ ಸೊನ್ನೆಯಾಗುತ್ತದೆ ಎಂದು ನೋಡಿ. `tan x` ಕೂಡ `sin x / cos x` ಎಂಬ ಭಿನ್ನರಾಶಿಯೇ.

ಚಿಹ್ನೆ ಬದಲಾಗದಿದ್ದರೆ ಮೂಲ ಇಲ್ಲವೇ?

ಹಾಗೂ ಹೇಳಲಾಗದು. `(2x − 1)² = 0` ಎಂಬುದಕ್ಕೆ 0 ಮತ್ತು 1 ಎರಡರಲ್ಲೂ ಬೆಲೆ +1. ಆದರೂ ½ರಲ್ಲಿ ಮೂಲ ಇದೆ. ರೇಖೆ ಅಲ್ಲಿ ಸೊನ್ನೆಯನ್ನು ಮುಟ್ಟಿ ಮೇಲಕ್ಕೆ ಮರಳುತ್ತದೆ. ಇಂಥ ಕಡೆ ಪ್ರಮೇಯ ಏನನ್ನೂ ಹೇಳುವುದಿಲ್ಲ, ಬೇರೆ ದಾರಿ ಹುಡುಕಬೇಕು.

ಮೂಲ ಎಷ್ಟು, ಎಲ್ಲಿ?

ಪ್ರಮೇಯ ಹೇಳುವುದು “ಕನಿಷ್ಠ ಒಂದು” ಎಂದಷ್ಟೇ. ನಮ್ಮ `cos x − x` 0ಯಿಂದ 1ರವರೆಗೆ ಇಳಿಯುತ್ತಲೇ ಹೋಗುವುದರಿಂದ ಅಲ್ಲಿ ಮೂಲ ಒಂದೇ, ಆದರೆ ಈ ಕಾರಣವನ್ನು ಪ್ರತ್ಯೇಕವಾಗಿ ಕೊಡಬೇಕು.

ಜಾಗ ಹುಡುಕಲು ಅದೇ ಪ್ರಮೇಯವನ್ನು ಮತ್ತೆ ಮತ್ತೆ ಬಳಸಬಹುದು. ನಡುವಿನ 0.5ರಲ್ಲಿ ಬೆಲೆ +0.38, ಆದ್ದರಿಂದ ಮೂಲ 0.5 ಮತ್ತು 1ರ ನಡುವೆ. 0.75ರಲ್ಲಿ −0.02, ಆದ್ದರಿಂದ 0.5 ಮತ್ತು 0.75ರ ನಡುವೆ. ಪ್ರತಿ ಸಲ ಜಾಗ ಅರ್ಧವಾಗುತ್ತದೆ. ಹೀಗೆ ಹತ್ತು ಸಲ ಮಾಡಿದರೆ ಸಾವಿರದಲ್ಲೊಂದು ಭಾಗಕ್ಕಿಂತ ಕಿರಿದಾದ ಜಾಗದಲ್ಲಿ ಮೂಲ ಸಿಕ್ಕಿಬೀಳುತ್ತದೆ. ಅದರ ಬೆಲೆ ಸುಮಾರು 0.739.

ಕೊನೆಯ ಮಾತು: ಚಿಹ್ನೆ ಬದಲಾವಣೆ ಮತ್ತು ತುಂಡಾಗದ ರೇಖೆ ಎರಡೂ ಸೇರಿದರೆ ಮಾತ್ರ ಮೂಲ ಖಚಿತ. ಆ ಶಾರ್ಟ್‌ಕಟ್ ಮತ್ತೆ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ `tan x` ಉದಾಹರಣೆಯನ್ನೂ ಸೇರಿಸಿ.