ಒಂದೇ ಹೆಸರಿನ ಎರಡು ವೈಫೈ: ಕ್ಯಾಂಪಸ್ಸಿನಲ್ಲಿ ನಕಲಿಯ ಪತ್ತೆ

ಕ್ಯಾಂಪಸ್ಸಿನ ಅನಧಿಕೃತ ವೈಫೈ ಎಂದರೆ ಮೊದಮೊದಲು ಹಾಸ್ಟೆಲ್ ಕೋಣೆಯ ರೌಟರ್ ಎಂದೇ ಅರ್ಥ. ಸಿಗ್ನಲ್ ಸಾಲದೆಂದು ವಿದ್ಯಾರ್ಥಿಯೊಬ್ಬ ಗೋಡೆಯ ಲ್ಯಾನ್ ಪಾಯಿಂಟಿಗೆ ಸ್ವಂತ ರೌಟರ್ ಸಿಕ್ಕಿಸುತ್ತಾನೆ. ಕೇಬಲ್ ತಪ್ಪು ಪೋರ್ಟಿಗೆ ಹೋಯಿತೋ, ಆ ರೌಟರ್ ಇಡೀ ಮಹಡಿಗೆ ಐಪಿ ವಿಳಾಸ ಹಂಚತೊಡಗುತ್ತದೆ. ಕ್ಯಾಂಪಸ್ ಕೊಡುವ ವಿಳಾಸದ ಬದಲು `192.168.0.` ಎಂದು ಶುರುವಾಗುವುದು ಕಂಡರೆ ರೋಗ ಗೊತ್ತಾಯಿತೆಂದೇ ಲೆಕ್ಕ. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದರೆ ಈ ಕಾಟ ನಿಲ್ಲುತ್ತದೆ. ಪೆಟ್ಟಿಗೆ ಹುಡುಕುವುದೂ ಕಷ್ಟವಲ್ಲ. ಅದರ ರೇಡಿಯೋ ವಿಳಾಸಕ್ಕೂ ತಂತಿಯ ಕಡೆಯ ವಿಳಾಸಕ್ಕೂ ಸಾಮಾನ್ಯವಾಗಿ ಕೊನೆಯ ಅಂಕಿಗಳಷ್ಟೇ ವ್ಯತ್ಯಾಸ. ಗಾಳಿಯಲ್ಲಿ ಕೇಳಿದ್ದನ್ನು ಸ್ವಿಚ್ಚಿನ ಪಟ್ಟಿಯೊಡನೆ ತಾಳೆ ನೋಡಿ ಆ ಪೋರ್ಟ್ ಮುಚ್ಚಿದರಾಯಿತು.

ತಂತಿಯೇ ಇಲ್ಲದ ನಕಲಿಯದು ಬೇರೆ ಕಥೆ. ಹಳೆಯ ಸಾಧನಗಳು ತಾವು ಸೇರಿದ್ದ ಜಾಲಗಳನ್ನು ಹೆಸರು ಹಿಡಿದು ಕೂಗುತ್ತಿದ್ದವು. 2004ರಲ್ಲಿ ಬಂದ ಕರ್ಮಾ ಎಂಬ ಉಪಕರಣ ಪ್ರತಿ ಕೂಗಿಗೂ ‘ನಾನೇ’ ಎಂದು ಓಗೊಟ್ಟಿತು. ಯುರೋಪಿನಲ್ಲಿ ಹುಟ್ಟಿದ, ಭಾರತದಲ್ಲಿ ಅರ್ನೆಟ್ ನಡೆಸುವ `eduroam`ನಂಥ ಜಾಲಗಳಲ್ಲಿ ಹೀಗೆ ಹೆಸರೊಂದೇ ಸಾಲದು, ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇದೆ. ಸರ್ವರ್ ಕೂಡ ಪ್ರಮಾಣಪತ್ರ ತೋರಿಸುತ್ತದೆ. ಆದರೆ ಫೋನ್ ಅದನ್ನು ಪರೀಕ್ಷಿಸಬೇಕಲ್ಲ! 2008ರಲ್ಲಿ ಜೋಶುವಾ ರೈಟ್ ಮತ್ತು ಬ್ರಾಡ್ ಆಂಟೊನೆವಿಚ್ ಫ್ರೀರೇಡಿಯಸ್ ಸರ್ವರನ್ನೇ ಮಾರ್ಪಡಿಸಿ ತೋರಿಸಿದರು: ಪರೀಕ್ಷಿಸದ ಸಾಧನ ಅದೇ ಹೆಸರಿನ ನಕಲಿಗೂ ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಉತ್ತರವನ್ನು ಒಪ್ಪಿಸಿಬಿಡುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಎಂಎಸ್‌ಚಾಪ್-ವಿ2 ಪದ್ಧತಿಯ ಉತ್ತರವನ್ನು ವಿಶೇಷ ಯಂತ್ರದಲ್ಲಿ ಒಂದೇ ದಿನದೊಳಗೆ ಬಿಡಿಸಬಹುದೆಂದು 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಸಾಬೀತುಪಡಿಸಿದರು. ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಅಲ್ಲಿ ಪ್ರಯೋಜನವಿಲ್ಲ.

ಇಂಥ ನಕಲಿಯನ್ನು ಗಾಳಿಯಲ್ಲೇ ಹಿಡಿಯುವ ಸೆನ್ಸರ್‌ಗಳಿವೆ. ಕ್ಯಾಂಪಸ್ಸಿನ ಹೆಸರು ಪಟ್ಟಿಯಲ್ಲಿಲ್ಲದ ರೇಡಿಯೋ ವಿಳಾಸದಿಂದ ಬಂದರೆ ಅವು ಎಚ್ಚರಿಸುತ್ತವೆ. ವಿಳಾಸವನ್ನೂ ನಕಲು ಮಾಡಿದ್ದರೆ ಚಾನೆಲ್ ಬದಲಾದದ್ದು, ಸಿಗ್ನಲ್ ಬಲ ಹಠಾತ್ತನೆ ಏರಿದ್ದು ಸುಳಿವು ಕೊಡುತ್ತದೆ. ಆದರೆ ಗೇಟಿನಾಚೆಯ ಬಸ್‌ಸ್ಟಾಪಿನಲ್ಲಿ ಅದೇ ಹೆಸರು ಹೊತ್ತು ಕೂತವನು ಈ ಸೆನ್ಸರ್‌ಗಳ ಕಿವಿಗೆ ಬೀಳುವುದಿಲ್ಲ. ವಿದ್ಯಾರ್ಥಿಯ ಜೇಬಿನಲ್ಲಿರುವ ಫೋನಿಗೆ ಬೀಳುತ್ತಾನೆ. ಹಾಗಾಗಿ ಕಾವಲು ಫೋನಿನಲ್ಲೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಚಿನ ಬೆಳವಣಿಗೆಯೂ ಆ ದಿಕ್ಕಿನಲ್ಲೇ ಇದೆ. ಸಂಪರ್ಕ ಸುಲಭವಾಗಲೆಂದು `Do not validate` ಆರಿಸಿ ಎಂದು ಎಷ್ಟೋ ಕಾಲೇಜುಗಳ ಸೂಚನಾಪತ್ರಗಳೇ ಹೇಳುತ್ತಿದ್ದವು. ಬಾಗಿಲು ತೆರೆದಿಟ್ಟದ್ದೇ ಆ ಸಾಲು. ಆಂಡ್ರಾಯ್ಡ್ 2020ರ ಕೊನೆಗೆ ಆ ಆಯ್ಕೆಯನ್ನು ತೆಗೆಯತೊಡಗಿತು. ಈಗ ಪ್ರಮಾಣಪತ್ರದ ಜೊತೆಗೆ `Domain` ಜಾಗದಲ್ಲಿ ಸಂಸ್ಥೆಯ ಸರ್ವರಿನ ಹೆಸರನ್ನೂ ತುಂಬಬೇಕು. ಎರಡೂ ಮುಖ್ಯ, ಏಕೆಂದರೆ ಮಾನ್ಯ ಪ್ರಮಾಣಪತ್ರವನ್ನು ಬೇರೆ ಹೆಸರಿಗೆ ಯಾರು ಬೇಕಾದರೂ ಪಡೆಯಬಹುದು. ಕೈಯಾರೆ ತುಂಬಿದರೆ ತಪ್ಪಾಗುತ್ತದೆಂದು `geteduroam` ಆ್ಯಪ್ ಸಂಸ್ಥೆಯ ಸಿದ್ಧ ಪ್ರೊಫೈಲನ್ನು ಒಮ್ಮೆಲೇ ಕೂರಿಸುತ್ತದೆ.

2024ರಲ್ಲಿ ಮ್ಯಾಥಿ ವಾನ್‌ಹೂಫ್ ತಂಡ ಆಂಡ್ರಾಯ್ಡ್ ಮತ್ತು ಲಿನಕ್ಸ್ ಬಳಸುವ `wpa_supplicant`ನಲ್ಲಿ ಹೊಸ ದೋಷವೊಂದನ್ನು ಬಯಲಿಗೆಳೆಯಿತು. ಪಾಸ್‌ವರ್ಡ್ ಪರೀಕ್ಷೆಯ ಹಂತವನ್ನೇ ಹಾರಿಸಿ ಸಾಧನವನ್ನು ನಕಲಿ ಜಾಲಕ್ಕೆ ಸೇರಿಸಿಕೊಳ್ಳುವ ದಾರಿ ಅದು. ಅದಕ್ಕೆ ಸಿಕ್ಕಿಬೀಳುತ್ತಿದ್ದದ್ದು ಸರ್ವರಿನ ಪ್ರಮಾಣಪತ್ರ ಪರೀಕ್ಷಿಸದ ಸಾಧನಗಳು ಮಾತ್ರ.